ಉತ್ತರ ಶನಿವಾರ 11ಕ್ಕೆ

ಪ್ರಶ್ನೆ ಕೇಳಿದವರು ಉತ್ತರ ಹೇಳದೆ ಎದ್ದು ಹೋದರೆ ನಮ್ಮ ಜನ ಸುಮ್ಮನಿರುವುದಿಲ್ಲ. ಸಾಲ ತಗೊಂಡವರು ಎದ್ದು ಹೋದರೂ ನಾಲ್ಕು ದಿನ ತಡೆದಾರು, ಇದನ್ನು ಮಾತ್ರ ತಡೆಯಲಾರರು. ಮದುವೆ ಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಯಾರಾದರೂ, 'ಆ ಪಿಕ್ಚರಲ್ಲಿ ತಂದೆ ಪಾರ್ಟು ಮಾಡಿದ್ದರಲ್ಲ, ಅವರ ಹೆಸರೇನ್ರೀ' ಅಂದುಬಿಟ್ಟರೆ ಮುಗಿಯಿತು. ಕೋಸಂಬರಿ ಬಂತು, ಪಲ್ಯ ಬಂತು, ಅನ್ನದ ಮೇಲೆ ತೊವ್ವೆ ಬಂತು, ಆ ಪಂಕ್ತಿಯಲ್ಲಿ ಯಾರಿಗೂ ರುಚಿ ಗೊತ್ತಾಗುವುದಿಲ್ಲ. ಹೆಸರು ಬಾಯಿತುದಿಯಲ್ಲೇ ಇರುತ್ತದೆ, ಈಚೆಗೆ ಬರುವುದಿಲ್ಲ. ಮಜ್ಜಿಗೆ ಹೊತ್ತಿಗೆ ಯಾರಿಗೋ ಹೊಳೆದು ಕೂಗಿ ಹೇಳಿದರೆ ಇಡೀ ಪಂಕ್ತಿ ಉಸಿರು ಬಿಡುತ್ತದೆ.

ಮನುಷ್ಯರ ಈ ದೌರ್ಬಲ್ಯವನ್ನು ಪತ್ರಿಕೆಯವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ವಾರಪತ್ರಿಕೆಗಳಲ್ಲಿ ಪದಬಂಧ ಈ ವಾರ, ಅದರ ಉತ್ತರ ಮುಂದಿನ ವಾರ. ನಮ್ಮ ಮನೆಯಲ್ಲಿ ಪತ್ರಿಕೆ ಬಂದರೆ ಹಿರಿಯರೊಬ್ಬರು ಧಾರಾವಾಹಿಗಿಂತ ಮುಂಚೆ ಹೋದ ವಾರದ ಪದಬಂಧದ ಉತ್ತರ ತೆಗೆಯುತ್ತಿದ್ದರು. ತಾವು ಬರೆದದ್ದು ತಪ್ಪಾಗಿದ್ದರೆ ಸಂಪಾದಕರನ್ನು ಬೈದು ಮುಂದಿನ ಪುಟಕ್ಕೆ ಹೋಗುತ್ತಿದ್ದರು. ಚಂದನ ವಾಹಿನಿಯಲ್ಲಿ 2002ರಿಂದ ನಡೆದುಬಂದಿರುವ 'ಥಟ್ ಅಂತ ಹೇಳಿ'ಯದು ಇದಕ್ಕೆ ಪೂರ್ತಿ ತಿರುಗಾಮುರುಗ. ಅಲ್ಲಿ ನಾ. ಸೋಮೇಶ್ವರರು ಕೇಳಿದ ಕ್ಷಣಕ್ಕೇ ಉತ್ತರ ಬೇಕು, ಗೆದ್ದವರಿಗೆ ಕೈಯಲ್ಲಿ ಪುಸ್ತಕ. ಹಣವಲ್ಲ, ಕಾರಲ್ಲ, ಪುಸ್ತಕ. ಅದಕ್ಕೇ ಜನ ಇಷ್ಟು ವರ್ಷ ಕೂತು ನೋಡಿದ್ದಾರೆ ಅನ್ನುವುದು ಒಂದು ಸೋಜಿಗ. ಒಂದು ಕಡೆ ವಾರವಿಡೀ ಕಾಯಿಸುವ ಉತ್ತರ, ಇನ್ನೊಂದು ಕಡೆ ಕಣ್ಣು ಮಿಟುಕಿಸುವುದರೊಳಗೆ ಬರುವ ಉತ್ತರ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದೇ ನಮ್ಮೂರಿನ ಪುಸ್ತಕದಂಗಡಿಯ ಯಜಮಾನರಿಗೆ ಈಚೆಗೆ ಬಂದಿರುವ ತಲೆನೋವು. ಅವರ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಕೂತು ಮಾತಾಡುವುದು ಹೆಚ್ಚು ಮಾಡಿರುವ ನನಗೂ ಆ ತಲೆನೋವಿನಲ್ಲಿ ಪಾಲು ಬಂತು.

ಅಂಗಡಿ ಸಣ್ಣದು. ಎದುರಿಗೆ ಪಠ್ಯಪುಸ್ತಕ, ಗೈಡು, ನೋಟ್‌ಬುಕ್ಕು, ಪೆನ್ನು. ಹಿಂದೆ ಎರಡು ಗೋಡೆ ತುಂಬ ಸಾಹಿತ್ಯ. ಜೂನ್‌ನಲ್ಲಿ ಎದುರಿನ ಭಾಗ ಹಿಂದಿನ ಭಾಗವನ್ನು ಸಾಕುತ್ತದೆ, ಉಳಿದ ತಿಂಗಳು ಎರಡೂ ಒಂದರ ಮುಖ ಒಂದು ನೋಡಿಕೊಂಡು ಕೂತಿರುತ್ತವೆ. ಯಜಮಾನರ ಮಗಳು ಬಿ.ಕಾಂ. ಮುಗಿಸಿ ಅಂಗಡಿಗೆ ಬಂದವಳು, 'ಅಪ್ಪಾ, ವಾರಕ್ಕೊಂದು ಪ್ರಶ್ನೆ ಹಾಕೋಣ, ಸಣ್ಣದೊಂದು ಬಹುಮಾನ ಇಡೋಣ, ಜನ ಅಂಗಡಿ ನೆನಪಿಟ್ಕೊಳ್ತಾರೆ' ಅಂದಳು. ವಾಟ್ಸಾಪ್ ಸ್ಟೇಟಸ್ಸಿಗೆ, ಅಂಗಡಿಯ ಫೇಸ್‌ಬುಕ್ ಪೇಜಿಗೆ, ಬಾಗಿಲ ಪಕ್ಕದ ಕರಿಹಲಗೆಗೆ, ಮೂರು ಕಡೆಗೂ ಒಂದೇ ಪ್ರಶ್ನೆ. ಯಜಮಾನರು ಕರಿಹಲಗೆಗೆ ತಕ್ಷಣ ಒಪ್ಪಿದರು. ಉಳಿದೆರಡಕ್ಕೆ, 'ನೀನೇ ನೋಡ್ಕೋಮ್ಮ' ಅಂದರು.

ಮೊದಲ ಪ್ರಶ್ನೆ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟ ಕೃತಿ ಯಾವುದು ಅನ್ನುವುದು. ಇಂಥ ಪ್ರಶ್ನೆಯ ಕಷ್ಟವೇನೆಂದರೆ, ಉತ್ತರ ಗೊತ್ತಿದ್ದವರಿಗೆ ಅದು ಪ್ರಶ್ನೆಯೇ ಅಲ್ಲ, ಗೊತ್ತಿಲ್ಲದವರು ಫೋನಿನಲ್ಲಿ ಹುಡುಕಿದರೆ ಅರೆಗಳಿಗೆಯ ಕೆಲಸ. ಫೇಸ್‌ಬುಕ್ಕಿನಲ್ಲಿ ಇನ್ನೊಂದು ವಿಶೇಷ ನಡೆಯಿತು. ಮೊದಲು ಬಂದ ಪುಣ್ಯಾತ್ಮರು 'ಮಲೆಗಳಲ್ಲಿ ಮದುಮಗಳು' ಅಂತ ಬರೆದರು. ಅವರ ಕೆಳಗೆ ಬಂದವರೂ ಅದನ್ನೇ ಬರೆದರು, ಅವರ ಕೆಳಗಿನವರೂ ಅದನ್ನೇ. ಕೊನೆಗೆ ಒಬ್ಬರು ಬಂದು, 1967ರ ಪ್ರಶಸ್ತಿ 'ಶ್ರೀರಾಮಾಯಣ ದರ್ಶನಂ'ಗೆ ಅಂತ ಬರೆದ ಮೇಲೆ ಮಿಕ್ಕವರೆಲ್ಲ ಆ ಕಡೆ ಹೊರಳಿದರು. ಹಳೆಯವರಲ್ಲಿ ಕೆಲವರು ತಮ್ಮ ಮದುಮಗಳನ್ನು ಸದ್ದಿಲ್ಲದೆ ಅಳಿಸಿದ್ದೂ ಉಂಟು. ಹೀಗೆ ಎಲ್ಲರ ಕಣ್ಣೆದುರಿಗೇ ಉತ್ತರ ಬರೆಸಿದರೆ ಮೊದಲ ಸರಿಯುತ್ತರ ಬಿದ್ದ ಗಳಿಗೆಗೇ ಆಟ ಮುಗಿಯುತ್ತದೆ. ಆಮೇಲೆ ಬರುವವರದೆಲ್ಲ ಬರೀ ಹಾಜರಿ.

ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಕಳಿಸಿದ ಉತ್ತರ ಅಂಗಡಿಯ ನಂಬರಿಗೆ ಮಾತ್ರ ಹೋಗುತ್ತದೆ, ಪಕ್ಕದವರಿಗೆ ಕಾಣುವುದಿಲ್ಲ. ಆದ್ದರಿಂದ ಎರಡನೆಯ ವಾರದಿಂದ ಫೇಸ್‌ಬುಕ್ಕಿನಲ್ಲೂ 'ಉತ್ತರವನ್ನು ಇಲ್ಲಿ ಬರೆಯಬೇಡಿ, ಅಂಗಡಿ ನಂಬರಿಗೆ ಕಳಿಸಿ' ಅಂತ ಹಾಕಿದರು. ಇಲ್ಲೇ ಬರೆಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಓದಲು ಬರುವವರೆಲ್ಲ ಓದುತ್ತಾರೆ ಅನ್ನುವ ಭ್ರಮೆ ಪುಸ್ತಕದಂಗಡಿಯವರಿಗಂತೂ ಇರಬಾರದು. ಅಂಥವರ ಕಾಮೆಂಟನ್ನು ಮಗಳು ಮರೆಮಾಡಿ, ನಂಬರಿಗೆ ಕಳಿಸಿ ಅಂತ ಅವರಿಗೆ ತಿಳಿಸುತ್ತಾಳೆ. ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಕ್ವಿಜ್ ಸ್ಟಿಕರ್ ಅಂತ ಒಂದಿದೆ; ನಾಲ್ಕು ಆಯ್ಕೆ ಕೊಟ್ಟರೆ ಜನ ಒಂದನ್ನು ಒತ್ತುತ್ತಾರೆ. ಅದನ್ನೂ ಮಾಡಿ ನೋಡಿದಳು. ಒತ್ತಿದವರು ಬೇಕಾದಷ್ಟು. ಆದರೆ ಒತ್ತಿದ ಕೂಡಲೇ ಸರಿಯೋ ತಪ್ಪೋ ಅಲ್ಲೇ ಬಣ್ಣದಲ್ಲಿ ಬಂದುಬಿಡುತ್ತದೆ. ಒತ್ತಿದರು, ನೋಡಿದರು, ಮುಂದಿನವರ ಮನೆಯ ನಾಯಿಮರಿಯ ವಿಡಿಯೋಕ್ಕೆ ಹೋದರು. ಪ್ರಶ್ನೆಯನ್ನು ಯಾರೂ ರಾತ್ರಿ ಹಾಸಿಗೆಗೆ ತೆಗೆದುಕೊಂಡು ಹೋಗಲಿಲ್ಲ, ಮನೆಯವರನ್ನು ಕೇಳಲಿಲ್ಲ, ಅಟ್ಟದ ಪುಸ್ತಕ ಇಳಿಸಲಿಲ್ಲ. ಅಂಗಡಿಗೆ ಬೇಕಾದದ್ದು ಆ ಕಾಯುವ ಹೊತ್ತು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಆ ಹೊತ್ತೇ ನಿಜವಾದ ಸರಕು ಅಂತ ನಾನು ಯಜಮಾನರಿಗೆ ಉಪನ್ಯಾಸ ಕೊಟ್ಟೆ. ಅವರು, 'ಅದಕ್ಕೆ ಎಷ್ಟು ಪರ್ಸೆಂಟ್ ಕಮಿಷನ್ ಬರುತ್ತೆ' ಅಂದರು.

ಹೊತ್ತನ್ನು ಎಷ್ಟು ಎಳೆಯಬೇಕು ಅನ್ನುವುದಕ್ಕೆ ಪಾಠ ಕಲಿಸಿದವರು ಗುಲ್ವಾಡಿ ವೆಂಕಟರಾಯರು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಯಾವುದು ಅಂತ ಒಂದು ಸಂಜೆ ಪ್ರಶ್ನೆ ಹಾಕಿದ್ದರು. ಮಾರನೆಯ ರಾತ್ರಿ ಉತ್ತರ ಹಾಕಿದರು. ವಾಟ್ಸಾಪ್ ಸ್ಟೇಟಸ್ಸಿನ ಆಯಸ್ಸು 24 ಗಂಟೆ. ಉತ್ತರ ಬರುವ ಹೊತ್ತಿಗೆ ಪ್ರಶ್ನೆ ಮಾಯವಾಗಿತ್ತು. ಉತ್ತರವೆಂದು ಹಾಕಿದ್ದು ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಇಷ್ಟೇ: 'ಇಂದಿರಾಬಾಯಿ, 1899'. ಹತ್ತು ನಿಮಿಷದೊಳಗೆ ಅಂಗಡಿ ನಂಬರಿಗೆ 'ಓಂ ಶಾಂತಿ' ಬರತೊಡಗಿತು. ಕೈಮುಗಿದ ಚಿತ್ರಗಳು ಬಂದವು. ಗೈಡು ಸಪ್ಲೈ ಮಾಡುವವರು ಫೋನೇ ಮಾಡಿ, 'ಯಾವಾಗ ಆಯ್ತು ಸಾರ್, ವಯಸ್ಸಾಗಿತ್ತಾ' ಅಂತ ವಿಚಾರಿಸಿದರು. ಯಜಮಾನರು ಸತ್ಯವನ್ನೇ ಹೇಳಿದರು: 'ವಯಸ್ಸಾಗಿದೆ, ನೂರು ದಾಟಿದೆ, ಇನ್ನೂ ಗಟ್ಟಿಯಾಗಿದ್ದಾರೆ.'

ಅಲ್ಲಿಂದ ಮುಂದೆ ಎರಡು ಪದ್ಧತಿ ಬಂದವು. ಉತ್ತರ ಹಾಕುವಾಗ ಮೇಲೆ ಪ್ರಶ್ನೆಯನ್ನು ಮತ್ತೆ ಪೂರ್ತಿ ಬರೆಯುವುದು. ಪ್ರಶ್ನೆಯನ್ನು ಒಂದೇ ಸಲ ಹಾಕಿ ಬಿಡದೆ, ಅದು ಮಾಯವಾಗುವುದಕ್ಕೆ ಮುಂಚೆ ಒಂದು ಸುಳಿವಿನ ಜೊತೆಗೆ ಇನ್ನೊಮ್ಮೆ ಹಾಕುವುದು. ಈಗ ಏರ್ಪಾಡು ಹೀಗಿದೆ: ಗುರುವಾರ ಸಂಜೆ 7ಕ್ಕೆ ಪ್ರಶ್ನೆ, ಶುಕ್ರವಾರ ಬೆಳಿಗ್ಗೆ ಸುಳಿವು, ಶುಕ್ರವಾರ ರಾತ್ರಿ 9ಕ್ಕೆ ಬಾಗಿಲು ಬಂದ್, ಶನಿವಾರ ಬೆಳಿಗ್ಗೆ 11ಕ್ಕೆ ಉತ್ತರ. ಸಂಜೆ 7 ಯಾಕೆಂದರೆ ಆಗ ಜನ ಕಾಫಿ ಕುಡಿದು ಫೋನ್ ಹಿಡಿದಿರುತ್ತಾರೆ. ಮನೆಯಲ್ಲಿ ಬೇರೆಯವರೂ ಇರುತ್ತಾರೆ. ಒಬ್ಬರಿಗೆ ಕೇಳಿದ ಪ್ರಶ್ನೆಯನ್ನು ನಾಲ್ಕು ಜನ ಹಂಚಿಕೊಳ್ಳುತ್ತಾರೆ. ಶನಿವಾರ 11 ಯಾಕೆಂದರೆ ಅಂಗಡಿ ತೆರೆಯುವುದು ಹತ್ತೂವರೆಗೆ. ಉತ್ತರದ ಪುಸ್ತಕವನ್ನು ಹಿಂದಿನ ಗೋಡೆಯಿಂದ ತೆಗೆದು, ಧೂಳು ಒರೆಸಿ, ಎದುರಿನ ಮೇಜಿನ ಮೇಲೆ ಇಡಲು ಅರ್ಧ ಗಂಟೆ ಬೇಕು. ಉತ್ತರ ನೋಡಿ 'ಅಯ್ಯೋ ಇದೇನಾ' ಅಂದುಕೊಂಡವರಿಗೆ ಆ ಮಧ್ಯಾಹ್ನವೇ ಪೇಟೆಗೆ ಬರಲು ಬಿಡುವಿರುತ್ತದೆ. ಭಾನುವಾರ ಅಂಗಡಿಗೆ ರಜ. ಭಾನುವಾರ ಉತ್ತರ ಹೇಳಿದರೆ ಆ ಅಯ್ಯೋ ಸೋಮವಾರದ ಹೊತ್ತಿಗೆ ಆರಿ ತಣ್ಣಗಾಗಿರುತ್ತದೆ. ವಾರವಿಡೀ ಕಾಯಿಸಿಯೂ ನೋಡಿದ್ದರು. ನಾಲ್ಕನೆಯ ದಿನಕ್ಕೆ ಜನಕ್ಕೆ ಪ್ರಶ್ನೆಯೇ ಮರೆತಿತ್ತು. ವಾರಪತ್ರಿಕೆಗಾದರೆ ವಾರ ನಡೆಯುತ್ತದೆ, ಯಾಕೆಂದರೆ ಅದು ಮನೆಯ ಟೀಪಾಯಿಯ ಮೇಲೆ ವಾರವಿಡೀ ಬಿದ್ದಿರುತ್ತದೆ. ಫೋನಿನಲ್ಲಿ ನಿನ್ನೆಯದೇ ಪುರಾತನ.

ಇನ್ನು ಬಹುಮಾನ. ಮೊದಲ ಸಲ ಯಜಮಾನರು ಉತ್ಸಾಹದಲ್ಲಿ 500 ರೂಪಾಯಿ ಪುಸ್ತಕ ಅಂತ ಘೋಷಿಸಿಬಿಟ್ಟರು. ನಮ್ಮೂರಿನ ಹೆಸರನ್ನೇ ಕೇಳಿರದ ಊರುಗಳಿಂದ ಉತ್ತರ ಬಂತು. ಎಲ್ಲ ಒಂದೇ ಬಗೆ: ಉತ್ತರ, ಪೂರ್ತಿ ವಿಳಾಸ, ಪಿನ್‌ಕೋಡು, 'ದಯವಿಟ್ಟು ಕೊರಿಯರ್ ಮಾಡಿ'. ಬಹುಮಾನ ಎಲ್ಲಿದೆ ಅಂತ ಹುಡುಕಿಕೊಂಡು ಹೋಗುವುದೇ ಹವ್ಯಾಸವಾಗಿರುವ ಜನ ಇದ್ದಾರೆ. ಅವರು ಅಂಗಡಿಗೆ ಬರುವವರಲ್ಲ, ಪುಸ್ತಕ ಕೊಳ್ಳುವವರಂತೂ ಅಲ್ಲ. ಬಹುಮಾನ ದೊಡ್ಡದಾದಷ್ಟೂ ಇವರು ಹೆಚ್ಚುತ್ತಾರೆ, ಪಕ್ಕದ ಬೀದಿಯವರು 'ನಮಗೆಲ್ಲಿ ಬರುತ್ತೆ ಬಿಡು' ಅಂತ ಹಿಂದೆ ಸರಿಯುತ್ತಾರೆ. ಎರಡನೆಯ ಸಲ ಯಜಮಾನರಿಗೆ ಜಾಣತನ ಬಂತು. ವರ್ಷಗಳಿಂದ ಕೂತಿದ್ದ ಒಂದು ಅಭಿನಂದನ ಗ್ರಂಥವನ್ನು ಬಹುಮಾನಕ್ಕಿಟ್ಟರು. ಗಟ್ಟಿ ರಟ್ಟು, 700 ಪುಟದ ಮೇಲೆ, ತೂಕಕ್ಕೆ ಹಾಕಿದರೂ ಒಳ್ಳೆಯ ಬೆಲೆ ಬರುವಂಥದ್ದು. ಗೆದ್ದವರು ಎರಡು ವಾರ ಅಂಗಡಿಯ ಎದುರಿನ ರಸ್ತೆಯನ್ನೇ ಬಿಟ್ಟು ಓಡಾಡಿದರು. ಕೊನೆಗೆ ಮಗನ ಕೈಲಿ, 'ಅಪ್ಪ ಬೇಡ ಅಂದ್ರು, ಬೇರೆ ಯಾರಿಗಾದ್ರೂ ಕೊಡಬೇಕಂತೆ' ಅಂತ ಹೇಳಿಕಳಿಸಿದರು.

ಈಗ ಇರುವುದು 100 ರೂಪಾಯಿಯ ಕೂಪನ್ನು. ಇದರ ಲೆಕ್ಕ ಯಜಮಾನರು ನನಗೆ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ಸಾಹಿತ್ಯದ ಪುಸ್ತಕಕ್ಕೆ ಅವರಿಗೆ ಸಿಗುವ ಕಮಿಷನ್ ನೂರಕ್ಕೆ 30 ಅಂತ ಇಟ್ಟುಕೊಂಡರೆ, 100 ರೂಪಾಯಿಯ ಪುಸ್ತಕ ಅಂಗಡಿಗೆ ಬಿದ್ದಿರುವುದು 70ಕ್ಕೆ. ಕೂಪನ್ ತಂದವರು ಸರಿಯಾಗಿ 100ರ ಪುಸ್ತಕ ತೆಗೆದುಕೊಂಡು ಹೋದರೆ 70 ಕೈಬಿಡುತ್ತದೆ. ಆದರೆ ಪುಸ್ತಕಗಳ ಬೆಲೆ ಈಗ ಅಷ್ಟಕ್ಕೆ ನಿಲ್ಲುವುದಿಲ್ಲ. 300ರ ಕಾದಂಬರಿ ತೆಗೆದುಕೊಂಡರೆ ಅದು ಅಂಗಡಿಗೆ ಬಿದ್ದದ್ದು 210, ಗೆದ್ದವರಿಂದ ಬರುವುದು 200. ಕಳೆದದ್ದು 10 ರೂಪಾಯಿ, ಒಂದು ಕಾಫಿಗೂ ಸಾಲದು. ಇದನ್ನೇ ಕೊರಿಯರ್ ಮಾಡುವುದಾದರೆ ಪ್ಯಾಕಿಂಗು, ಸಾಗಣೆ ಸೇರಿ ಬಹುಮಾನದ ಮೇಲೆ ಇನ್ನೊಂದು ಬಹುಮಾನ ಕೊಟ್ಟಂತೆ. ಅದಕ್ಕೇ ನಿಯಮ: ಅಂಗಡಿಗೆ ಬಂದೇ ತೆಗೆದುಕೊಳ್ಳಬೇಕು, ತಿಂಗಳೊಳಗೆ. ಬಂದವರು ಬರಿಗೈಯಲ್ಲಿ ಬರುವುದಿಲ್ಲ, ಜೊತೆಗೆ ಒಬ್ಬರನ್ನು ಕರೆತರುತ್ತಾರೆ. ಗೆದ್ದದ್ದನ್ನು ನೋಡಲು ಸಾಕ್ಷಿ ಬೇಡವೇ?

ಬಹುಮಾನ ಯಾರಿಗೆ ಅನ್ನುವುದೂ ಸಣ್ಣ ವಿಷಯವಲ್ಲ. ಮೊದಲು, ಯಾರು ಮುಂಚೆ ಸರಿಯುತ್ತರ ಕಳಿಸುತ್ತಾರೋ ಅವರಿಗೆ ಅಂತಿತ್ತು. ನಮ್ಮ ಬಡಾವಣೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಗುರುವಾರ ಏಳು ಗಂಟೆಗೆ ಕನ್ನಡಕ ಹಾಕಿಕೊಂಡು ಫೋನಿನ ಎದುರು ಕೂರಲು ಶುರುಮಾಡಿದರು. ಏಳು ಹೊಡೆದು ಎರಡು ನಿಮಿಷಕ್ಕೆ ಅವರ ಉತ್ತರ, ಆಕರ ಗ್ರಂಥದ ಪುಟಸಂಖ್ಯೆ ಸಮೇತ. ಸತತವಾಗಿ ಅವರೇ ಗೆದ್ದರು. ಬೇರೆಯವರಿಗೆ ಆಸಕ್ತಿ ಇಳಿಯಿತು. 'ಮೇಷ್ಟ್ರ ಸ್ಪರ್ಧೆ ನಡೀತಿದ್ಯಾ' ಅಂತ ಕೇಳತೊಡಗಿದರು. ಆಗ ಚೀಟಿ ಎತ್ತುವ ಪದ್ಧತಿ ಬಂತು. ಸರಿ ಹೇಳಿದವರ ಹೆಸರನ್ನೆಲ್ಲ ಬರೆದು ಸ್ಟೀಲ್ ಡಬ್ಬಿಗೆ ಹಾಕಿ, ಶನಿವಾರ ಬೆಳಿಗ್ಗೆ ಟೀ ತರುವ ಹುಡುಗನ ಕೈಲಿ ಒಂದನ್ನು ಎತ್ತಿಸುವುದು. ತಡವಾಗಿ ನೋಡಿದವರಿಗೂ ಆಸೆ ಉಳಿಯಿತು. ಮೇಷ್ಟ್ರಿಗೆ ಮಾತ್ರ ಇದು ಸರಿಬೀಳಲಿಲ್ಲ. 'ವಿದ್ವತ್ತಿಗೆ ಡಬ್ಬಿಯೇನ್ರೀ' ಅಂದರು.

ಮಗಳು ಓದಿದವಳಾದ್ದರಿಂದ ಕಾನೂನು ನೋಡಿದಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳು ಯಾವುವು ಅಂತ ಪಟ್ಟಿ ಮಾಡಿದ್ದಾರೆ. ಬಹುಮಾನ ಇಟ್ಟು ಯೋಜನೆ ನಡೆಸಿ, ಅದು ಮುಗಿದ ಮೇಲೆ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದೂ ಅದರಲ್ಲೊಂದು. ಪ್ರಕಟಣೆ ಯಾವ ಪತ್ರಿಕೆಯಲ್ಲಿ ಬಂದಿತ್ತೋ ಫಲಿತಾಂಶವೂ ಅದೇ ಪತ್ರಿಕೆಯಲ್ಲಿ, ಎದ್ದುಕಾಣುವಂತೆ, ಸಕಾಲದಲ್ಲಿ ಬಂದರೆ ತಿಳಿಸಿದಂತೆ ಆಯಿತು ಅನ್ನುವ ವಿವರಣೆಯೂ ಇದೆ. ಉತ್ತರ ಹೇಳದೆ ಎದ್ದುಹೋಗುವವರನ್ನು ನಮ್ಮ ಜನ ಮಾತ್ರವಲ್ಲ, ಪಾರ್ಲಿಮೆಂಟೂ ಸಹಿಸುವುದಿಲ್ಲ ಅಂತ ತಿಳಿದು ನನಗೆ ಸಂತೋಷವಾಯಿತು. ವ್ಯಾಪಾರ ಹೆಚ್ಚಿಸಲೆಂದು ನಡೆಸುವ ಸ್ಪರ್ಧೆ, ಲಾಟರಿಗಳ ಮೇಲೂ ಅದೇ ಪಟ್ಟಿಗೆ ಒಂದು ಕಣ್ಣಿದೆ. ಅದಕ್ಕೇ 'ಪುಸ್ತಕ ಕೊಂಡವರಿಗೆ ಮಾತ್ರ ಚೀಟಿ' ಅನ್ನುವ ಯಜಮಾನರ ಇನ್ನೊಂದು ಐಡಿಯಾ ಅಲ್ಲೇ ಬಿದ್ದುಹೋಯಿತು. ದುಡ್ಡು ಕೊಟ್ಟು ಚೀಟಿ ಹಾಕಿಸುವುದು ಲಾಟರಿಯ ಕಡೆಗೇ ವಾಲುತ್ತದೆ. ಫೇಸ್‌ಬುಕ್ಕಿನವರದೂ ಒಂದು ನಿಯಮವಿದೆ: 'ಹಂಚಿಕೊಂಡರೆ ಮಾತ್ರ ಪ್ರವೇಶ', 'ಗೆಳೆಯರನ್ನು ಟ್ಯಾಗ್ ಮಾಡಿದರೆ ಮಾತ್ರ ಪ್ರವೇಶ' ಅಂತ ಷರತ್ತು ಹಾಕುವ ಹಾಗಿಲ್ಲ. ಊರಿನ ಮೊಬೈಲ್ ಅಂಗಡಿ, ಬಟ್ಟೆ ಅಂಗಡಿಗಳೆಲ್ಲ ಅದನ್ನೇ ಹಾಕಿಕೊಂಡಿರುತ್ತವೆ, ಅದು ಬೇರೆ ಮಾತು. ಯಜಮಾನರು ಇಷ್ಟನ್ನೂ ಕೇಳಿ, '100 ರೂಪಾಯಿ ಕೂಪನ್ನಿಗೆ ಇಷ್ಟು ಕಾನೂನಾ' ಅಂದರು. ಗೆದ್ದವರ ಹೆಸರು ಹಾಕುವಾಗ ಫೋನ್ ನಂಬರ್ ಹಾಕಬಾರದು ಅನ್ನುವುದನ್ನು ಮಾತ್ರ ಕಾನೂನು ಕೇಳದೆಯೇ ಒಪ್ಪಿಕೊಂಡರು.

ಪ್ರಶ್ನೆ ಹುಡುಕುವ ಕೆಲಸ ನನ್ನದು. ಇದರಲ್ಲಿ ನಾನು ಕಂಡುಕೊಂಡದ್ದು: ಎಲ್ಲರಿಗೂ ಅರ್ಧ ಗೊತ್ತಿರುವುದನ್ನು ಕೇಳಬೇಕು. ಪೂರ್ತಿ ಗೊತ್ತಿರುವುದಕ್ಕೆ ಕುತೂಹಲ ಹುಟ್ಟುವುದಿಲ್ಲ, ಏನೂ ಗೊತ್ತಿಲ್ಲದ್ದಕ್ಕಂತೂ ಮೊದಲೇ ಇಲ್ಲ. ಅಮೆರಿಕದಲ್ಲಿ ವಿದ್ವಾಂಸರು ಜನರನ್ನು ಕೂರಿಸಿ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿ ಪರೀಕ್ಷಿಸಿ, 2009ರಲ್ಲಿ ಇದನ್ನೇ ಬರೆದರು: ಗೊತ್ತಿರಬಹುದು ಅಂತ ಮನಸ್ಸು ತೂಗಾಡುವ ನಡುಮಧ್ಯದಲ್ಲಿ ಕುತೂಹಲ ಅತಿ ಹೆಚ್ಚು. ಮದುವೆ ಊಟಕ್ಕೆ ಕರೆದಿದ್ದರೆ ಅವರಿಗೆ ಖರ್ಚು ಉಳಿಯುತ್ತಿತ್ತು.

ಇನ್ನೊಂದು, ಉತ್ತರ ಒಂದೇ ಇರಬೇಕು. 'ಕವಿರಾಜಮಾರ್ಗ ಬರೆದವರು ಯಾರು' ಅಂತ ಒಂದು ವಾರ ಹೋಯಿತು. ಶಾಲೆಯಲ್ಲಿ ನೃಪತುಂಗ ಅಂತ ಕಲಿತವರು ನೃಪತುಂಗ ಅಂತ ಕಳಿಸಿದರು. ಎಂ.ಎ. ಮಾಡಿದವರು ಶ್ರೀವಿಜಯ ಅಂತ ಕಳಿಸಿದರು. ಮೇಷ್ಟ್ರು ಎರಡು ಪುಟ ಕಳಿಸಿದರು. ಶನಿವಾರ 11ಕ್ಕೆ ಏನು ಹಾಕಬೇಕು ಅನ್ನುವುದು ಶುಕ್ರವಾರ ರಾತ್ರಿಯವರೆಗೂ ತೀರ್ಮಾನವಾಗಲಿಲ್ಲ. ಯಜಮಾನರು ವ್ಯಾಪಾರಿಗಳಾದ್ದರಿಂದ ಎರಡು ಡಬ್ಬಿ ಇಟ್ಟು ಎರಡು ಚೀಟಿ ಎತ್ತಿಸಿ, ಅರಸನ ಕಡೆಯವರಿಗೊಂದು, ಆಸ್ಥಾನ ಕವಿಯ ಕಡೆಯವರಿಗೊಂದು ಕೂಪನ್ ಕೊಟ್ಟು ಶಾಂತಿ ಮಾಡಿದರು. 'ಮೊದಲ', 'ಅತಿ ಹಳೆಯ', 'ಅತಿ ದೊಡ್ಡ' ಅನ್ನುವ ಶಬ್ದ ಬರುವ ಪ್ರಶ್ನೆಗಳಿಗೆಲ್ಲ ಈ ರೋಗ ಇದೆ. ಕನ್ನಡದಲ್ಲಿ ಯಾವುದರ ಮೊದಲನೆಯದು ಯಾವುದು ಅನ್ನುವುದಕ್ಕೆ ಇನ್ನೂ ಪಿಎಚ್‌.ಡಿ.ಗಳು ಆಗುತ್ತಿವೆ. ಕೂಪನ್ ಇಟ್ಟು ಅದನ್ನು ತೀರ್ಮಾನಿಸಲು ಹೋಗಬಾರದು.

ಎಲ್ಲಕ್ಕಿಂತ ಚೆನ್ನಾಗಿ ನಡೆದ ಪ್ರಶ್ನೆ 'ನಾಗರಹಾವು'. ಪುಟ್ಟಣ್ಣ ಕಣಗಾಲರ ಆ ಚಿತ್ರ 1972ರದು. ವಿಷ್ಣುವರ್ಧನ್ ಅವರ ರಾಮಾಚಾರಿಯನ್ನು, ಅಶ್ವತ್ಥರ ಚಾಮಯ್ಯ ಮೇಷ್ಟ್ರನ್ನು, ಚಿತ್ರದುರ್ಗದ ಬಂಡೆಗಳನ್ನು ನೋಡದವರು ನಮ್ಮೂರಲ್ಲಿ ಇಲ್ಲ. ಅದು ತ.ರಾ.ಸು. ಅವರ ಕಾದಂಬರಿ ಅನ್ನುವುದೂ ಬಹಳ ಜನಕ್ಕೆ ಗೊತ್ತು. ಆದರೆ ಚಿತ್ರಕ್ಕೆ ಆಧಾರವಾದದ್ದು ಒಂದಲ್ಲ, ಅವರ ಮೂರು ಕಾದಂಬರಿಗಳು. ಒಂದರ ಹೆಸರು 'ನಾಗರಹಾವು', ಉಳಿದ ಎರಡು ಯಾವುವು? ಇದೇ ಪ್ರಶ್ನೆ. ಇದರ ಗುಣ ಏನೆಂದರೆ, ಓದಿದವರಿಗೆ ಲಘು ಅನಿಸುತ್ತದೆ, ಉತ್ತರಕ್ಕೆ ಕೂತರೆ ಎರಡರಲ್ಲಿ ಒಂದು ಸಿಗುವುದಿಲ್ಲ.

ತಪ್ಪು ಉತ್ತರಗಳು ಬರತೊಡಗಿದ ಮೇಲೆ ಇದು ಗೆದ್ದಿತು ಅಂತ ನಮಗೆ ಗೊತ್ತಾಯಿತು. ಸುಲಭವಾದ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಒಂದೇ ತರಹದ ಸರಿಯುತ್ತರ ಬಂದು ಆಮೇಲೆ ಮೌನ. ಕಷ್ಟದ್ದಕ್ಕೆ ಸ್ಟೇಟಸ್ ನೋಡಿದವರ ಪಟ್ಟಿ ಉದ್ದ, ಉತ್ತರ ಬರೆದವರು ಯಾರೂ ಇಲ್ಲ. ಹದವಾದ ಪ್ರಶ್ನೆಗೆ ಮಾತ್ರ ತರಹೇವಾರಿ ತಪ್ಪುಗಳು. ದುರ್ಗ ಅಂದಕೂಡಲೇ 'ದುರ್ಗಾಸ್ತಮಾನ' ಅಂದವರು ಬಹಳ ಜನ. 'ಹಂಸಗೀತೆ' ಅಂದರು, 'ಚಂದವಳ್ಳಿಯ ತೋಟ' ಅಂದರು. ಮೂರೂ ತ.ರಾ.ಸು. ಅವರವೇ, ಕೊನೆಯ ಎರಡು ಸಿನಿಮಾ ಆದವೇ, ಆದರೆ ಈ ಸಿನಿಮಾ ಅಲ್ಲ. ಕೆಲವರು ಕಾದಂಬರಿ ಬಿಟ್ಟು ಹಾಡು ಕಳಿಸಿದರು. ಒಬ್ಬ ಅಜ್ಜಿ ಮೊಮ್ಮಗನ ಫೋನಿಂದ ಧ್ವನಿ ಸಂದೇಶ ಕಳಿಸಿದ್ದರು. ಅದರಲ್ಲಿ ಉತ್ತರ ಇರಲಿಲ್ಲ. ಆ ಸಿನಿಮಾ ಬಂದಾಗ ಟೆಂಟಿನಲ್ಲಿ ಯಾರ ಜೊತೆ ನೋಡಿದರು, ಅಲಮೇಲು ಗತಿ ನೋಡಿ ಎಷ್ಟು ಅತ್ತರು ಅನ್ನುವುದಿತ್ತು. ಮಗಳು ಅದನ್ನು ಅಂಗಡಿಯಲ್ಲಿ ಎರಡು ಸಲ ಹಾಕಿ ಕೇಳಿಸಿದಳು.

ಶುಕ್ರವಾರದ ಸುಳಿವು ಹೀಗಿತ್ತು: 'ಒಂದು ಹೆಸರಿನಲ್ಲಿ ಹಾವು ಸಂಸ್ಕೃತದಲ್ಲಿದೆ, ಇನ್ನೊಂದರಲ್ಲಿ ಲೆಕ್ಕ ಇದೆ.' ಸುಳಿವು ಅಂದರೆ ಉತ್ತರವನ್ನು ಅರ್ಧ ಹೇಳುವುದಲ್ಲ, ಈಗಾಗಲೇ ಸುಮ್ಮನಾದವರನ್ನು ಮತ್ತೆ ಕೆರಳಿಸುವುದು. ಆ ಮಧ್ಯಾಹ್ನ ಸರಿಯುತ್ತರಗಳು ಗುಂಪಾಗಿ ಬಂದವು. ಒಂದು ಹೆಸರು ಮಾತ್ರ ಸರಿ ಹೇಳಿದವರನ್ನು ಡಬ್ಬಿಗೆ ಹಾಕಬೇಕೇ ಬೇಡವೇ ಅನ್ನುವ ಚರ್ಚೆ ಅಂಗಡಿಯಲ್ಲಿ ಎದ್ದಿತು. ಪ್ರಶ್ನೆಯಲ್ಲೇ 'ಎರಡೂ ಹೆಸರು' ಅಂತ ಬರೆದಿದ್ದರಿಂದ ಬೇಡ ಅಂತಾಯಿತು. ಬರೆದಿರದಿದ್ದರೆ ಯಜಮಾನರು ಮೂರನೆಯ ಡಬ್ಬಿ ತರುತ್ತಿದ್ದರು.

ಶನಿವಾರ 11ಕ್ಕೆ ಉತ್ತರ ಹೋಯಿತು: 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ'. ಬರೀ ಹೆಸರಲ್ಲ, ಕೆಳಗೆ ಮೂರು ಸಾಲಿನ ಕಥೆಯೂ ಇತ್ತು. ಮೂರು ಕಾದಂಬರಿಯನ್ನು ಪುಟ್ಟಣ್ಣ ಒಂದು ಚಿತ್ರಕ್ಕೆ ಇಳಿಸಿದ್ದು, ಚಿತ್ರ ನೋಡಿದ ತ.ರಾ.ಸು. ಅವರಿಗೆ ಅದು ಒಪ್ಪಿಗೆಯಾಗದೆ ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ ಅಂದರು ಅಂತ ಇವತ್ತಿಗೂ ಓಡಾಡುವ ಮಾತು. ಉತ್ತರ ತಿಳಿದು ಸುಮ್ಮನಾಗಬೇಕಿದ್ದ ಜನಕ್ಕೆ ಈಗ ಹೊಸ ತುರಿಕೆ ಹತ್ತಿತು. ಹಾಗಾದರೆ ಕಾದಂಬರಿಯಲ್ಲಿ ಏನಿದೆ? ಮಧ್ಯಾಹ್ನಕ್ಕೆ ಜನ ಅಂಗಡಿಗೇ ಬಂದರು. 'ನಾಗರಹಾವು' ಇತ್ತು. ಉಳಿದ ಎರಡು ಇರಲಿಲ್ಲ. ಇಲ್ಲದ ಪುಸ್ತಕಕ್ಕೆ ಎರಡು ದಿನ ಡಂಗುರ ಹೊಡೆಸಿ, ಕೇಳಿಕೊಂಡು ಬಂದವರಿಗೆ ಕೈಯಲ್ಲಾಡಿಸುವುದು ಎಂಥ ಕಷ್ಟ ಅನ್ನುವುದನ್ನು ಅವತ್ತು ಯಜಮಾನರ ಮುಖದಲ್ಲಿ ನೋಡಬೇಕಿತ್ತು. ಹೆಸರು, ನಂಬರು ಬರೆದುಕೊಂಡು ಬೆಂಗಳೂರಿಗೆ ಆರ್ಡರ್ ಹಾಕಿದರು. ಈಗ ಪ್ರಶ್ನೆ ತೀರ್ಮಾನವಾಗುವುದಕ್ಕೆ ಮುಂಚೆ ಯಜಮಾನರು ಹಿಂದಿನ ಗೋಡೆಗೆ ಹೋಗಿ ಬೆನ್ನು ಎಣಿಸಿ ಬರುತ್ತಾರೆ. ಐದು ಪ್ರತಿ ಇಲ್ಲದಿದ್ದರೆ ಎಷ್ಟು ಚೆನ್ನಾದ ಪ್ರಶ್ನೆಯಾದರೂ ಮುಂದಕ್ಕೆ. ಈ ನಿಯಮದ ಇನ್ನೊಂದು ತುದಿಯೂ ಇದೆ. 40 ಪ್ರತಿ ಕೂತಿರುವ ಪುಸ್ತಕವೊಂದರ ಮೇಲೆ ಪ್ರಶ್ನೆ ಮಾಡಿಕೊಡಿ ಅಂತ ಅವರು ನನ್ನ ಹಿಂದೆ ಬಿದ್ದಿದ್ದಾರೆ. ಆ ಪುಸ್ತಕದ ಬಗ್ಗೆ ಯಾರಿಗೂ ಅರ್ಧವೂ ಗೊತ್ತಿಲ್ಲ. ಅದೇ ಅದರ ಕಷ್ಟ, ಅದಕ್ಕೇ 40 ಕೂತಿವೆ.

ಅವತ್ತು ಚೀಟಿಯಲ್ಲಿ ಗೆದ್ದವರು ಬಸ್ ಕಂಡಕ್ಟರೊಬ್ಬರು. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದು, ಕೂಪನ್ ತೆಗೆದುಕೊಂಡು, ಹಿಂದಿನ ಗೋಡೆಯ ಹತ್ತಿರ ಬಹಳ ಹೊತ್ತು ನಿಂತರು. ಕೊನೆಗೆ ಆರಿಸಿದ್ದು ಬೀಚಿಯವರ ಒಂದು ಪುಸ್ತಕ, ಮಗಳಿಗೆ ಒಂದು ವ್ಯಾಕರಣ. ಉಳಿದ ಹಣ ಎಣಿಸಿ ಕೊಡುವಾಗ ಚಿಲ್ಲರೆ ಮಾತ್ರ ಸರಿಯಾಗಿತ್ತು, ಹೇಳಬೇಕಾದ್ದಿಲ್ಲ.

ಮೇಷ್ಟ್ರ ವಿಷಯ ಬಾಕಿ ಇದೆ. ಡಬ್ಬಿಯ ಪದ್ಧತಿ ಬಂದ ಮೇಲೆ ಅವರು ಮುನಿಸಿಕೊಂಡಿದ್ದರು. ಮಗಳೇ ಹೋಗಿ, 'ಸಾರ್, ಇನ್ಮೇಲೆ ತಿಂಗಳಿಗೊಂದು ಪ್ರಶ್ನೆ ನೀವೇ ತೆಗೀಬೇಕು' ಅಂದಳು. ಮೇಷ್ಟ್ರು ಕರಗಿದರು. ಮಾರನೆಯ ದಿನವೇ ಫುಲ್‌ಸ್ಕೇಪ್ ಹಾಳೆಯಲ್ಲಿ ಬರೆದು ತಂದರು: ನಿರಂಜನ, ಚದುರಂಗ, ಶ್ರೀರಂಗ, ಆನಂದಕಂದ, ರಸಿಕರಂಗ, ವಿನಾಯಕ, ಇವರ ನಿಜನಾಮಗಳನ್ನು ಬರೆದು ಒಬ್ಬೊಬ್ಬರ ಎರಡೆರಡು ಕೃತಿಗಳನ್ನು ಹೆಸರಿಸಿ, ಅವುಗಳಲ್ಲಿ ಯಾವುದಾದರೂ ಒಂದರ ಬಗ್ಗೆ ಹತ್ತು ವಾಕ್ಯಗಳಿಗೆ ಮೀರದಂತೆ ಟಿಪ್ಪಣಿ ಬರೆಯಿರಿ. ಬಲಗಡೆ ಅಂಚಿನಲ್ಲಿ ಅಂಕಗಳನ್ನೂ ಹಾಕಿದ್ದರು.

ನಾನು ಭಯಭಕ್ತಿಯಿಂದ ಹಾಳೆ ತೆಗೆದುಕೊಂಡು, 'ಮೇಷ್ಟ್ರೇ, ಇದರಲ್ಲಿ ನಿರಂಜನರನ್ನು ಮಾತ್ರ ಇಟ್ಟುಕೊಳ್ಳೋಣ, ಕುಳಕುಂದ ಶಿವರಾಯ ಅನ್ನೋ ಹೆಸರು ಎಷ್ಟೋ ಜನಕ್ಕೆ ಬಾಯಿತುದೀಲಿ ಇರುತ್ತೆ' ಅಂದೆ. ಮೇಷ್ಟ್ರು ಯೋಚಿಸಿ ಒಪ್ಪಿದರು. ಯಜಮಾನರು ಆಗಲೇ ಗೋಡೆಯ ಹತ್ತಿರ ಹೋಗಿ 'ಚಿರಸ್ಮರಣೆ' ಎಣಿಸುತ್ತಿದ್ದರು.

'ಆಗಲಿ, ಆದರೆ ಶನಿವಾರ 11ಕ್ಕೆ ಉತ್ತರ ಹಾಕೋಕ್ಮುಂಚೆ ನನಗೊಂದ್ಸಲ ತೋರಿಸಿ' ಅಂದರು ಮೇಷ್ಟ್ರು. 'ಕಾಗುಣಿತ ನೋಡಬೇಕು.'